ಕಲ್ಲಿನ ವರದಿ ರಿಗ್ ಲಾರಿ ಹತ್ತಿದ ಕಥೆ

ಮಧುಗಿರಿ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದ ಬಗ್ಗೆ ಭೂವಿಜ್ಞಾನಿಯೊಬ್ಬರು ಇಂಗ್ಲಿಷಿನಲ್ಲಿ ಬರೆದ ಕ್ಷೇತ್ರ ವರದಿ ಅನುವಾದಕ್ಕೆಂದು ನನ್ನ ಮೇಜಿಗೆ ಬಂದಾಗ ಅದರ ಹಿಂದೆಯೇ ಒಂದು ಹಳೆಯ ಕನ್ನಡ ಪ್ರತಿಯೂ ಬಂತು. ಯಾರೋ ನಿಘಂಟು ಪಕ್ಕದಲ್ಲಿಟ್ಟುಕೊಂಡು ಶ್ರದ್ಧೆಯಿಂದಲೇ ಮಾಡಿದ್ದರು. ‘ಭಾಗಶಃ ಶಿಥಿಲಿತ ಪಟ್ಟೆಶಿಲಾ ಸ್ತರದ ದ್ವಿತೀಯಕ ರಂಧ್ರತೆ’ ಎಂಬಂಥ ಮಾತುಗಳು ಪುಟದ ತುಂಬ ಇದ್ದವು. ತಪ್ಪೇನೂ ಇರಲಿಲ್ಲ. ಆದರೆ ಆ ಪ್ರತಿ ಹೋಗಬೇಕಾಗಿದ್ದುದು ಬೋರ್‌ವೆಲ್ ಏಜೆಂಟರ ಅಂಗಡಿಗಳಿಗೆ, ಅಲ್ಲಿಂದ ರಿಗ್ ಲಾರಿಗೆ. ಅಂಗಡಿಯಿಂದ ಮುಂದೆ ಅದು ಹೋಗಲೇ ಇಲ್ಲ.

ಕಾರಣ ತಿಳಿಯಲು ಏಜೆಂಟರೊಬ್ಬರ ಬಳಿ ಕುಳಿತೆ. ‘ಓದೋಕಲ್ಲ ಸಾರ್ ನಮಗೆ ಬೇಕಾಗಿರೋದು, ಕೂಗಿ ಹೇಳೋಕೆ’ ಎಂದರು. ನಮ್ಮ ಕಡೆ ಓಡಾಡುವ ರಿಗ್‌ಗಳಲ್ಲಿ ಎಷ್ಟೋ ತಮಿಳುನಾಡಿನ ತಿರುಚೆಂಗೋಡಿನವು. ಡ್ರಿಲ್ಲರ್ ತಮಿಳಿನವರು, ರಾಡ್ ಎತ್ತಿಕೊಡುವ ಹುಡುಗರು ಒಡಿಶಾ, ಜಾರ್ಖಂಡ್ ಕಡೆಯವರು. ಕನ್ನಡ ಓದುವವರು ಏಜೆಂಟರು ಮಾತ್ರ. ಅವರು ಓದಿದ್ದನ್ನು ಕಂಪ್ರೆಸರ್ ಸದ್ದಿನ ನಡುವೆ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ಡ್ರಿಲ್ಲರ್ ಕಿವಿಗೆ ಮುಟ್ಟಿಸಬೇಕು. ಕೂಗಿ ಹೇಳಲಾಗದ ವಾಕ್ಯ ಅಲ್ಲಿ ಸತ್ತಂತೆ.

ಹಾಗಾಗಿ ಮೊದಲ ತಕರಾರು ಎದ್ದದ್ದು ಕಲ್ಲಿನ ಹೆಸರಿನಲ್ಲೇ. ಆ ಸೀಮೆಯ ತಳಕಲ್ಲು ‘ಪೆನಿನ್ಸುಲರ್ ನೈಸ್’. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಬಳಕೆಗೆ ತಂದ ಹೆಸರು ಅದು. ಲಾಲ್‌ಬಾಗಿನ ಬಂಡೆಯೂ ಅದೇ, ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ಅದನ್ನು ಸೀಳಿಕೊಂಡು ಮೇಲೆ ಬಂದದ್ದು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಕಲ್ಲಿನ ಪಟ್ಟಿಯಲ್ಲೇ ಮಧುಗಿರಿಯ ಏಕಶಿಲಾ ಬೆಟ್ಟವೂ ಬರುತ್ತದೆ. ಇವೆರಡರ ನಡುವೆ ಅಲ್ಲಲ್ಲಿ ಗೋಡೆ ಎಬ್ಬಿಸಿದಂತೆ ನಿಂತಿರುವ ಕಪ್ಪು ಕಲ್ಲಿನ ಸಾಲು, ಅಂದರೆ ಡಾಲರೈಟ್ ಡೈಕ್.

ಡ್ರಿಲ್ಲರ್‌ಗೆ ಈ ಮೂರೂ ಹೆಸರು ಬೇಡ. ಅವನು ಬಂಡೆಯನ್ನು ಕಣ್ಣಾರೆ ಕಾಣುವುದೇ ಇಲ್ಲ. ಹ್ಯಾಮರ್ ಕುಟ್ಟಿದ ಕಲ್ಲು ಗಾಳಿಯ ಒತ್ತಡಕ್ಕೆ ಪುಡಿಯಾಗಿ ಮೇಲೆ ಹಾರಿ ಬರುತ್ತದೆ, ಆ ಪುಡಿಯೇ ಅವನಿಗೆ ಕಲ್ಲು. ಅದಕ್ಕೇ ಹೊಸ ಪ್ರತಿಯಲ್ಲಿ ಪುಡಿಯ ಬಣ್ಣ ಮೊದಲು ಬಂತು, ಕಲ್ಲಿನ ಹೆಸರು ಅದರ ಹಿಂದೆ. ಕಪ್ಪು ಬಿಳುಪು ಚೂರು ಬೆರೆತ ಬೂದು ಪುಡಿ ಬಂದರೆ ನೈಸ್. ಗುಲಾಬಿ ಚೂರು ಹೆಚ್ಚಾದರೆ ಗ್ರಾನೈಟ್ ಅಥವಾ ಅದರ ಒಂದು ಎಳೆ. ಬರೀ ಬಿಳಿ, ಗಾಜಿನಂಥ ಚೂರು ಬೆಣಚುಕಲ್ಲು. ಬಿಟ್ಟಿನ ಗುಂಡಿ ಸವೆಸುವುದು ಅದೇ.

ಪೇಚಾಟ ಇದ್ದದ್ದು ಕಪ್ಪಿನಲ್ಲಿ. ‘ಡೈಕಿನ ಮೇಲೆ ಕೊರೆಯಬೇಡಿ’ ಎಂದು ವರದಿ ಹೇಳಿತ್ತು. ಹಳೆಯ ಪ್ರತಿ ಅದನ್ನು ‘ಕರಿಕಲ್ಲು ಬಂದರೆ ಕೊರೆಯಬೇಡಿ’ ಎಂದು ಮಾಡಿಬಿಟ್ಟಿತ್ತು. ಹೊಲದಲ್ಲಿ ಕಪ್ಪಗಿರುವ ಯಾವ ಗಟ್ಟಿ ಕಲ್ಲೂ ಕರಿಕಲ್ಲೇ. ನೈಸ್ ಒಳಗೆ ಹುದುಗಿದ ಹಾರ್ನ್‌ಬ್ಲೆಂಡ್ ಕಲ್ಲಿನ ತುಂಡು ಹತ್ತಿಪ್ಪತ್ತು ಅಡಿ ಬಂದು ಮುಗಿದುಹೋಗಬಹುದು. ಅಲ್ಲಿ ರಿಗ್ ನಿಲ್ಲಿಸಿದರೆ ರೈತನಿಗೆ ನಷ್ಟ. ಡೈಕ್ ಹಾಗಲ್ಲ, ಅದು ನೆಟ್ಟಗೆ ಆಳಕ್ಕೆ ಇಳಿದ ಗೋಡೆ. ಅದರ ಮೇಲೆಯೇ ನಿಂತು ಕೊರೆದರೆ ಕಪ್ಪು ಪುಡಿ ಮುಗಿಯುವ ಮಾತೇ ಇಲ್ಲ. ವರದಿ ಬರೆದವರನ್ನು ಕೇಳಿದಾಗ ಅವರು ಒಂದು ಪರೀಕ್ಷೆ ಸೇರಿಸಿಕೊಟ್ಟರು. ಪುಡಿಯನ್ನು ಅಂಗೈಯಲ್ಲಿ ತೊಳೆದು ನೋಡಿ: ಚೂರುಗಳು ಸೂಜಿಯಂತೆ ಉದ್ದುದ್ದ ಇದ್ದು ಮಿನುಗಿದರೆ ಹಾರ್ನ್‌ಬ್ಲೆಂಡ್, ನಡುವೆ ಬಿಳಿ ಚೂರೂ ಇರುತ್ತದೆ. ಒಂದೇ ಸಮ ನುಣ್ಣಗೆ, ಮಂಕಾದ ಕಪ್ಪು ಇದ್ದರೆ ಡೈಕ್. ಇದೂ ಪಕ್ಕಾ ಅಲ್ಲ ಎಂದು ಅವರೇ ಹೇಳಿದರು. ಆದ್ದರಿಂದ ಕೊರೆಯುವ ಮೊದಲೇ ಹೊಲದಲ್ಲಿ ದುಂಡು ಕರಿಗುಂಡುಗಳು ಒಂದೇ ಗೆರೆಯಲ್ಲಿ ಬಿದ್ದಿವೆಯೇ ನೋಡಿ ಎಂಬ ಸಾಲನ್ನೂ ಜೊತೆಗೆ ಹಾಕಿದೆವು.

ಎರಡನೆಯ ತಕರಾರು ‘ಪದರ’. ಈ ನೆಲದಲ್ಲಿ ಕೆರೆಯ ಹೂಳಿನಂತೆ ಒಂದರ ಮೇಲೊಂದು ಹಾಸಿದ ಪದರಗಳಿಲ್ಲ. ಇರುವುದು ಒಂದೇ ಕಲ್ಲು. ಮೇಲಿನಿಂದ ಕೊಳೆಯುತ್ತ ಬಂದು, ಕೆಳಗೆ ಇನ್ನೂ ಗಟ್ಟಿಯಾಗಿ ಉಳಿದದ್ದು. ‘ನಾಲ್ಕನೇ ಪದರದಲ್ಲಿ ನೀರಿದೆ’ ಎಂದು ಬರೆದರೆ ಅಕ್ಕಪಕ್ಕದ ಹೊಲದಲ್ಲೂ ಅದೇ ಆಳಕ್ಕೆ ನೀರು ಸಿಕ್ಕೀತೆಂದು ಏಜೆಂಟರು ಲೆಕ್ಕ ಹಾಕುತ್ತಾರೆ. ಬಿರುಕಿಗೆ ಅಂಥ ನೇಮವಿಲ್ಲ. ಇಪ್ಪತ್ತು ಅಡಿ ಆಚೆಗೆ ಅದು ಮುಚ್ಚಿಹೋಗಿರಬಹುದು. ಹಾಗಾಗಿ ಪದರ ಎಂಬ ಮಾತನ್ನೇ ಕೈಬಿಟ್ಟು ‘ಮಣ್ಣು, ಗರಸು, ಬಿರುಕು ಕಲ್ಲು, ಗಟ್ಟಿ ಕಲ್ಲು’ ಎಂದು ನಾಲ್ಕು ಹೆಸರು ಇಟ್ಟುಕೊಂಡೆವು. ‘ಜಾಯಿಂಟ್’ ಕೂಡ ಹೋಯಿತು. ಲಾರಿಯ ಮೇಲೆ ಜಾಯಿಂಟ್ ಎಂದರೆ ರಾಡಿಗೆ ರಾಡು ಸೇರುವ ಜಾಗ.

ವರದಿಯ ಒಂದು ಬಾವಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಅದು ಮೀಟರುಗಳ ಪಟ್ಟಿ: ಮೂರು ಮೀಟರ್ ಮಣ್ಣು, ಹದಿನೆಂಟರವರೆಗೆ ಗರಸು, ಆಮೇಲೆ ಕಲ್ಲು, 41 ಮೀಟರಿಗೆ ಒಂದು ಬಿರುಕು, 65ಕ್ಕೆ ಇನ್ನೊಂದು, 120ರ ಕೆಳಗೆ ಏನೂ ಇಲ್ಲ, 200ಕ್ಕೆ ನಿಲ್ಲಿಸಿದ್ದು. ರಿಗ್ ಮೇಲೆ ಮೀಟರ್ ಲೆಕ್ಕವಿಲ್ಲ. ಅಲ್ಲಿ ಅಡಿ, ಅದಕ್ಕಿಂತ ಹೆಚ್ಚಾಗಿ ರಾಡು. ಒಂದು ರಾಡು ಇಪ್ಪತ್ತಡಿ. ಹಾಗಾಗಿ 41 ಮೀಟರ್ ಎಂಬುದು 135 ಅಡಿಯಾಗಿ, ಆಮೇಲೆ ‘ಏಳನೇ ರಾಡು ಇಳಿಯುವಾಗ’ ಎಂದಾಯಿತು. 65 ಮೀಟರ್ ಎಂದರೆ 213 ಅಡಿ, ಹನ್ನೊಂದನೇ ರಾಡು. ಹ್ಯಾಮರಿನ ಉದ್ದ ಇದಕ್ಕೆ ಬೇರೆ ಸೇರುವುದರಿಂದ ನಾಲ್ಕೈದು ಅಡಿ ಆಚೀಚೆ ಆಗುತ್ತದೆ ಎಂದು ಡ್ರಿಲ್ಲರ್ ತಿದ್ದಿದರು. ಅಡಿಯ ಅಂಕಿಯನ್ನೂ ಬಿಡದೆ ಪಕ್ಕದಲ್ಲೇ ಉಳಿಸಿದೆವು.

ಇದೇ ಬಾವಿಗೆ ವರದಿ ಹೇಳಿದ ಕೇಸಿಂಗ್ 20 ಮೀಟರ್, ಸುಮಾರು 66 ಅಡಿ. ಗರಸು 59 ಅಡಿಗೇ ಮುಗಿಯುತ್ತದಲ್ಲ, ಇನ್ನೇಳು ಅಡಿ ಯಾಕೆ ಎಂದು ಏಜೆಂಟರು ಕೇಳಿದರು. ನ್ಯಾಯವಾದ ಪ್ರಶ್ನೆಯೇ, ಏಕೆಂದರೆ ಕೇಸಿಂಗ್ ಪೈಪಿಗೆ ಅಡಿ ಲೆಕ್ಕದಲ್ಲಿ ಬೇರೆ ದುಡ್ಡು. ಅದನ್ನು ಉಳಿಸಲು ರೈತನೂ ಒಪ್ಪುತ್ತಾನೆ. ಪೈಪಿನ ಬುಡ ಗಟ್ಟಿ ಕಲ್ಲಿನೊಳಗೆ ಕೂರದೆ ಗರಸಿನಲ್ಲೇ ನಿಂತರೆ, ಮಳೆಗಾಲದಲ್ಲಿ ಪೈಪಿನ ಹೊರಗಿನ ಗರಸು ಸಡಿಲವಾಗಿ ಬುಡದಿಂದ ಒಳಗೆ ಜಾರುತ್ತದೆ. ಮೊದಲು ನೀರು ಕೆಂಪಾಗುತ್ತದೆ, ಆಮೇಲೆ ಮರಳು ಬಂದು ಪಂಪು ಸವೆಯುತ್ತದೆ, ಕೊನೆಗೆ ಮೋಟಾರು ಮೇಲೆತ್ತಲಾಗದಂತೆ ಹೂತುಹೋಗುತ್ತದೆ. ಇಂಗ್ಲಿಷ್ ವರದಿಯಲ್ಲಿ ಇದೆಲ್ಲ ಇರಲಿಲ್ಲ. ಓದುವವರು ಭೂವಿಜ್ಞಾನಿಗಳಾದರೆ ಹೇಳುವ ಅಗತ್ಯವೂ ಇಲ್ಲ. ಕನ್ನಡದಲ್ಲಿ ಮೂರು ಸಾಲು ಸೇರಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ನೀರಿನ ಪ್ರಮಾಣ. ವರದಿಯ ಅಂಕಿ: ಸೆಕೆಂಡಿಗೆ 0.8 ಲೀಟರ್. ಹಳೆಯ ಪ್ರತಿಯಲ್ಲಿ ‘ಇಳುವರಿ 0.8’ ಎಂದಷ್ಟೇ ಇತ್ತು. ಊರಿನಲ್ಲಿ ನೀರನ್ನು ಅಳೆಯುವುದು ಇಂಚಿನಲ್ಲಿ. ಆ ಇಂಚು ಎರಡು ತರ ಎಂಬುದು ಮಾತಿಗೆ ಕೂತ ಮೇಲೆ ಬಯಲಾಯಿತು. ರೈತ ‘ಎರಡಿಂಚು ನೀರು’ ಎಂದರೆ ಎರಡಿಂಚಿನ ಪೈಪು ತುಂಬಿ ಬೀಳುವ ನೀರು. ಏಜೆಂಟರು ಎರಡಿಂಚು ಎಂದರೆ ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲೆಯಿಂದ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂಬ ಅಳತೆ. ಒಂದೇ ಬಾವಿಯ ಮುಂದೆ ನಿಂತು ಇಬ್ಬರೂ ಒಂದೇ ಮಾತು ಆಡುತ್ತಾರೆ, ಅರ್ಥ ಮಾತ್ರ ಬೇರೆ ಬೇರೆ. ಜಗಳ ಆಮೇಲೆ.

ವಿ ತಗಡಿನ ಇಂಚನ್ನೇ ಹಿಡಿದು ಹೊರಟೆವು, ಅದಕ್ಕೊಂದು ಸೂತ್ರವಿದೆ. ಮೂಲೆ 90 ಡಿಗ್ರಿ ಇದ್ದರೆ:

```
Q = 1.38 × H^2.5
```

ಇಲ್ಲಿ H ಎಂದರೆ ನೀರಿನ ಎತ್ತರ, ಮೀಟರಿನಲ್ಲಿ. Q ಎಂದರೆ ಸೆಕೆಂಡಿಗೆ ಹರಿಯುವ ಘನ ಮೀಟರ್. ಸೂತ್ರ ಮುಖ್ಯವಲ್ಲ, ಅದರ ಫಲ ಮುಖ್ಯ. ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್ ಬಂದರೆ, ಎರಡಿಂಚಿಗೆ ಸಾವಿರವಲ್ಲ, 2,900 ಲೀಟರ್. ಮೂರಕ್ಕೆ 8,000, ನಾಲ್ಕಕ್ಕೆ 16,000. ಇಂಚು ದುಪ್ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ವರದಿಯ 0.8 ಲೀಟರ್ ಈ ಲೆಕ್ಕದಲ್ಲಿ ಸರಿಯಾಗಿ ಎರಡಿಂಚು. ಆದರೆ ಕಾಲಿಂಚು ಹೆಚ್ಚು ಓದಿದರೂ ಅದೇ ಬಾವಿ 3,900 ಲೀಟರಿನದಾಗಿ ಕಾಣುತ್ತದೆ, ಮೂರನೇ ಒಂದು ಪಾಲು ಹೆಚ್ಚು. ನೀರು ಧುಮುಕುವ ಅಂಚಿನಲ್ಲಿ ಮಟ್ಟ ಬಾಗಿರುತ್ತದೆ, ಅಲ್ಲಿ ಸ್ಕೇಲ್ ಹಿಡಿದರೆ ಕಡಿಮೆ ತೋರುತ್ತದೆ. ತಗಡಿನ ಹಿಂದೆ, ನೀರು ತಟಸ್ಥವಾಗಿರುವ ಕಡೆ ಓದಬೇಕು. ಕೊಚ್ಚೆಯಲ್ಲಿ ಓರೆಯಾಗಿ ನೆಟ್ಟ ತಗಡಿನ ಅಳತೆ ಅಳತೆಯೇ ಅಲ್ಲ.

ಇನ್ನೂ ಒಂದು ಮಾತಿದೆ. ಕೊರೆದು ಮುಗಿದ ಕೂಡಲೇ ಕಂಪ್ರೆಸರ್ ಊದಿದಾಗ ಚಿಮ್ಮುವುದರಲ್ಲಿ ಬಿರುಕುಗಳಲ್ಲಿ ಕೂತಿದ್ದ ಹಳೆಯ ನೀರೂ ಸೇರಿರುತ್ತದೆ. ನಮ್ಮ ಬಾವಿಯಲ್ಲೇ ಮೊದಲು ಎರಡೂವರೆ ಇಂಚು ಕಂಡು, ಊದುತ್ತ ಹೋದಂತೆ ಎರಡಕ್ಕೆ ಇಳಿದು ನಿಂತದ್ದು. ವರದಿ ಬರೆದವರು ನಿಂತ ಅಂಕಿಯನ್ನೇ ಹಿಡಿದಿದ್ದರು. ರೈತನ ನೆನಪಿನಲ್ಲಿ ಉಳಿಯುವುದು ಮೊದಲ ಅಂಕಿ. ಆ ನೆನಪಿನ ಮೇಲೆಯೇ ಮೋಟಾರು ಕೊಂಡರೆ ಬೇಸಿಗೆಯಲ್ಲಿ ಅದು ಬರೀ ಗಾಳಿ ಎಳೆಯುತ್ತದೆ.

ಕೊನೆಗೆ ಉಳಿದದ್ದು ಅನುಮಾನದ ಮಾತುಗಳು. ವರದಿಯಲ್ಲಿ ಹೆಜ್ಜೆಹೆಜ್ಜೆಗೂ ‘ಇರಬಹುದು’, ‘ಸಂಭವ ಕಡಿಮೆ’. ಹಳೆಯ ಪ್ರತಿ ಇವನ್ನೆಲ್ಲ ನಯವಾಗಿ ಸವರಿ ‘ನೀರು ಲಭ್ಯ’ ಎಂದು ಹಾಕಿತ್ತು. ಇದನ್ನು ನಾನು ಬರೀ ಉದಾಸೀನ ಎನ್ನಲಾರೆ. ಅಂಥ ಪ್ರತಿ ಕೈಯಲ್ಲಿ ಹಿಡಿದು ಯಾರಾದರೂ ಹೊಲ ಕೊರೆಸಿದರೆ ಸಾಲದ ಹೊರೆ ಅವರದು. ಹೊಸ ಪ್ರತಿಯಲ್ಲಿ ಅನುಮಾನವನ್ನು ಹಾಗೆಯೇ ಬಿಟ್ಟು, ಅದರ ಗುರುತನ್ನು ಕೊಟ್ಟೆವು: ಧೂಳು ಹೋಗಿ ಕೆಸರು ಬರತೊಡಗಿದರೆ, ಚೂರಿನ ಮೇಲೆ ತುಕ್ಕಿನ ಕಂದು ಕಲೆ ಕಂಡರೆ, ರಾಡು ತಟ್ಟನೆ ಒಂದಿಷ್ಟು ಕುಸಿದರೆ ಬಿರುಕು ಹತ್ತಿರ. ಇವು ಯಾವುದೂ ಇಲ್ಲದೆ ರಾಡಿನ ಮೇಲೆ ರಾಡು ಒಂದೇ ಬೂದು ಧೂಳು ಬರುತ್ತಿದ್ದರೆ ಆಶೆ ಕಡಿಮೆ.

ಏಜೆಂಟರು ಮುಖ ಗಂಟಿಕ್ಕಿದ್ದು ನಿಲ್ಲಿಸುವ ಸಾಲಿಗೆ. ಈ ಹಳ್ಳಿಗಳಲ್ಲಿ 120 ಮೀಟರಿನ ಕೆಳಗೆ ಹೊಸ ಬಿರುಕು ಸಿಕ್ಕಿಲ್ಲ ಎಂಬುದನ್ನು ‘400 ಅಡಿ, ಇಪ್ಪತ್ತು ರಾಡಿಗೆ ನಿಲ್ಲಿಸಿ, ರೈತರನ್ನು ಕೇಳಿ’ ಎಂದು ಬರೆದಿದ್ದೆವು. ಕೊರೆತದ ದರ ಅಡಿಗಿಷ್ಟು. ಆಳ ಹೋದಂತೆ ಅಡಿಯ ದರವೂ ಏರುತ್ತದೆ. ನಿಲ್ಲಿಸಿದರೆ ಕಳೆದುಕೊಳ್ಳುವವರು ಅವರೇ. ‘ಕೋಲಾರದ ಕಡೆ ಸಾವಿರ ದಾಟಿ ಹೋಗ್ತಾರಲ್ಲ ಸಾರ್’ ಎಂದರು. ಹೋಗುತ್ತಾರೆ, ನಿಜ; ಕೆಲವೊಮ್ಮೆ ನೀರೂ ಸಿಗುತ್ತದೆ. ಆದರೆ ಈ ವರದಿ ಕೋಲಾರದ್ದಲ್ಲ, ಈ ಹಳ್ಳಿಗಳದ್ದು. ಸಾಲು ಉಳಿಯಿತು, ಏಜೆಂಟರೂ ಪ್ರತಿಯನ್ನು ಇಟ್ಟುಕೊಂಡರು.

ಬೋರ್ ಕೊರೆಸುವವರು ಇಷ್ಟು ಮಾಡಿ: ರಿಗ್ ಹೊರಡುವ ಮೊದಲು ಒಂದು ಚೀಟಿಯಲ್ಲಿ ಕೇಸಿಂಗ್ ಎಷ್ಟು ಅಡಿ, ನೀರು ಯಾವ ಯಾವ ರಾಡಿನಲ್ಲಿ ಬಂತು, ಊದಿ ನಿಂತ ಮೇಲೆ ವಿ ತಗಡಿನಲ್ಲಿ ಎಷ್ಟು ಇಂಚು ಎಂದು ಬರೆಸಿ ಇಟ್ಟುಕೊಳ್ಳಿ. ನೀರು ಬರದೇ ಹೋದರೆ ಕೊಳವೆಯ ಬಾಯಿಯನ್ನು ಅಂದೇ ಭದ್ರವಾಗಿ ಮುಚ್ಚಿಸಿ.