ವೈರಸ್ ಇದೆ, ಜೀವಕೋಶ ಸರಿಯಿದೆ: ಮುಂದೇನು?

ಮೂವತ್ತು ದಾಟಿದ ಹೆಂಗಸರು ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಿಕೊಂಡಾಗ ಕೆಲವರ ಕೈಗೆ ಗೊಂದಲ ಹುಟ್ಟಿಸುವ ವರದಿ ಬರುತ್ತದೆ. ಮೇಲಿನ ಸಾಲಿನಲ್ಲಿ ‘ಎಚ್‌ಪಿವಿ ಡಿಎನ್‌ಎ ಪಾಸಿಟಿವ್’ ಎಂದಿರುತ್ತದೆ. ಅದರ ಕೆಳಗೇ ‘ಪ್ಯಾಪ್ ಸ್ಮಿಯರ್ ನಾರ್ಮಲ್’ ಎಂದೂ ಇರುತ್ತದೆ. ಮೊದಲ ಸಾಲು ಓದಿದಾಗ ಎದೆ ಧಸಕ್ಕೆನ್ನುತ್ತದೆ, ಎರಡನೆಯದು ಓದಿದಾಗ ಲ್ಯಾಬಿನಲ್ಲೇ ಏನೋ ಅದಲುಬದಲಾಗಿರಬೇಕು ಅನಿಸುತ್ತದೆ. ಸಾಮಾನ್ಯವಾಗಿ ಎರಡೂ ನಿಜವೇ.

ಈ ಎರಡು ಪರೀಕ್ಷೆಗಳು ಹುಡುಕುವುದು ಬೇರೆ ಬೇರೆ ಸಂಗತಿಗಳನ್ನು. ಡಿಎನ್‌ಎ ಪರೀಕ್ಷೆ ಹುಡುಕುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಅಂಶವನ್ನು; ಅದರ ನೂರಾರು ಬಗೆಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡಬಲ್ಲ ಹದಿನಾಲ್ಕನ್ನು ಮಾತ್ರ. ಪ್ಯಾಪ್ ಸ್ಮಿಯರಿನಲ್ಲಿ ತಜ್ಞರು ನೋಡುವುದು ಬ್ರಷ್ಷಿನಲ್ಲಿ ತೆಗೆದ ಜೀವಕೋಶಗಳ ರೂಪವನ್ನು. ಚರ್ಮದ ಸಣ್ಣ ಗೀರಿನ ಮೂಲಕ ಒಳಹೊಕ್ಕ ವೈರಸ್, ಪೊರೆಯ ತೀರ ಕೆಳಗಿನ ಪದರದಲ್ಲಿ ಸದ್ದಿಲ್ಲದೆ ಇರಬಲ್ಲದು. ಆಗ ಮೇಲಿನ ಕೋಶಗಳು ನೋಡಲು ಸಹಜವಾಗಿಯೇ ಇರುತ್ತವೆ. ಕೋಶಗಳ ರೂಪ ಕೆಡುವುದು, ಕೆಟ್ಟರೆ, ಆಮೇಲೆ. ಇದರ ಜೊತೆಗೆ ಪ್ಯಾಪ್ ಸ್ಮಿಯರಿಗೆ ತನ್ನದೇ ಮಿತಿಯೂ ಇದೆ. ಒಂದು ಸಲ ಮಾಡಿದ ಸ್ಮಿಯರ್, ಇರುವ ದೋಷವನ್ನೂ ಎಷ್ಟೋ ಬಾರಿ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ‘ನಾರ್ಮಲ್’ ಎಂಬ ಸಾಲು ಮೇಲಿನ ‘ಪಾಸಿಟಿವ್’ ಅನ್ನು ಅಳಿಸಿಹಾಕುವುದಿಲ್ಲ.

ವಯಸ್ಸಿನ ಲೆಕ್ಕ ಏಕೆ? ಇಪ್ಪತ್ತರ ಹರೆಯದಲ್ಲಿ ಈ ಸೋಂಕು ತುಂಬ ಸಾಮಾನ್ಯ, ಬಂದಂತೆಯೇ ಹೋಗುವುದೂ ಸಾಮಾನ್ಯ. ದೇಹದ ರೋಗನಿರೋಧಕ ಶಕ್ತಿ ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ಎರಡು ವರ್ಷದೊಳಗೆ ಅಡಗಿಸುತ್ತದೆ. ಮೂವತ್ತರ ನಂತರ ಸಿಗುವ ವೈರಸ್ ಹಳೆಯದಾಗಿ ನೆಲೆಯೂರಿದ್ದಿರಬಹುದು. ಅಪಾಯ ಇರುವುದು ಹಾಗೆ ಉಳಿದುಕೊಂಡದ್ದರಲ್ಲಿ. ಉಳಿದದ್ದೂ ಒಂದೆರಡು ತಿಂಗಳಲ್ಲಿ ಕ್ಯಾನ್ಸರ್ ಆಗುವುದಿಲ್ಲ, ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಈ ಸಮಯವೇ ವೈದ್ಯರ ಕೈಯಲ್ಲಿರುವ ದೊಡ್ಡ ಅನುಕೂಲ.

ಹಾಗಾಗಿ ವರದಿಯಲ್ಲಿ ಮೊದಲು ನೋಡಬೇಕಾದದ್ದು ವೈರಸ್ಸಿನ ಬಗೆ. 16 ಅಥವಾ 18 ಎಂದು ಬರೆದಿದ್ದರೆ ದಾರಿಯೇ ಬೇರೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು 70 ಶೇಕಡಾಕ್ಕೆ ಈ ಎರಡೇ ಕಾರಣ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. 16 ಇದ್ದವರಲ್ಲಿ ನೂರಕ್ಕೆ ಸುಮಾರು 17 ಮಂದಿಗೆ, 18 ಇದ್ದವರಲ್ಲಿ ಸುಮಾರು 14 ಮಂದಿಗೆ ಕ್ಯಾನ್ಸರಿನ ಹಿಂದಿನ ತೀವ್ರ ಹಂತ ಅಥವಾ ಕ್ಯಾನ್ಸರೇ ಕಂಡಿತು. ಉಳಿದ ಅಪಾಯಕಾರಿ ಬಗೆಗಳಿದ್ದವರಲ್ಲಿ ಈ ಸಂಖ್ಯೆ 3 ಮಾತ್ರ. ಅದಕ್ಕೇ 16 ಅಥವಾ 18 ಬಂದರೆ, ಸ್ಮಿಯರ್ ಎಷ್ಟೇ ಚೆನ್ನಾಗಿದ್ದರೂ, ಒಂದು ವರ್ಷ ಕಾಯದೆ ಕಾಲ್ಪೊಸ್ಕೋಪಿ ಮಾಡಿಸಿ ಎನ್ನುತ್ತಾರೆ. 18ರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು ಗರ್ಭಕಂಠದ ಒಳನಾಳದ ಗ್ರಂಥಿಕೋಶಗಳನ್ನು ಹಿಡಿಯುವುದುಂಟು, ಬ್ರಷ್ಷಿಗೆ ಆ ಜಾಗ ಸುಲಭವಾಗಿ ಸಿಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸು 38, ಇಬ್ಬರು ಮಕ್ಕಳ ತಾಯಿ, ಶಾಲಾ ಶಿಕ್ಷಕಿ. ಯಾವ ತೊಂದರೆಯೂ ಇಲ್ಲ, ಹಿಂದೆ ಈ ತಪಾಸಣೆ ಮಾಡಿಸಿಯೂ ಇಲ್ಲ. ವರದಿಯಲ್ಲಿ 16 ಮತ್ತು 18 ನೆಗೆಟಿವ್, ‘ಇತರ ಹೈ ರಿಸ್ಕ್ ಬಗೆ’ ಪಾಸಿಟಿವ್, ಸ್ಮಿಯರ್ ನಾರ್ಮಲ್. ಅಮೆರಿಕದ 2019ರ ಮಾರ್ಗಸೂಚಿ ಹಿಂದಿನ ವರದಿ ಇಲ್ಲದ, ಎಚ್‌ಪಿವಿ ಪಾಸಿಟಿವ್ ಆಗಿ ಸ್ಮಿಯರ್ ನಾರ್ಮಲ್ ಇರುವ ಹೆಂಗಸರನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದೆ. ಅಂಥ ನೂರು ಮಂದಿಯಲ್ಲಿ ಸುಮಾರು ಇಬ್ಬರಿಗೆ ಮಾತ್ರ ಈಗಲೇ ತೀವ್ರ ದೋಷ ಇರುವ ಸಂಭವ. ಈ ಸಂಖ್ಯೆ ನಾಲ್ಕು ಮುಟ್ಟಿದರೆ ಕಾಲ್ಪೊಸ್ಕೋಪಿ ಎಂಬುದು ಅದರ ಗೆರೆ. ಆಕೆ ಗೆರೆಯ ಕೆಳಗಿದ್ದಾರೆ, ಆದ್ದರಿಂದ ಹನ್ನೆರಡು ತಿಂಗಳ ನಂತರ ಮತ್ತೆ ಪರೀಕ್ಷೆ. ಆಗ ನೆಗೆಟಿವ್ ಬಂದರೆ ಕಾಲ್ಪೊಸ್ಕೋಪಿ ಬೇಡ, ತಪಾಸಣೆ ಮಾತ್ರ ಮುಂದುವರಿಯುತ್ತದೆ. ಪಾಸಿಟಿವ್ ಆಗಿಯೇ ಉಳಿದರೆ, ಸ್ಮಿಯರ್ ಎರಡನೇ ಸಲವೂ ನಾರ್ಮಲ್ ಇದ್ದರೂ, ಅಪಾಯ ನಾಲ್ಕರ ಗೆರೆ ಮುಟ್ಟುತ್ತದೆ, ಕಾಲ್ಪೊಸ್ಕೋಪಿ ಆಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ತನ್ನ 2021ರ ಮಾರ್ಗಸೂಚಿಯಲ್ಲಿ ಈ ಮರುಪರೀಕ್ಷೆಗೆ 24 ತಿಂಗಳ ಅವಧಿ ಕೊಟ್ಟಿದೆ. ಎಚ್‌ಐವಿ ಇರುವವರಿಗೆ ಅದು 12 ತಿಂಗಳು. ಕಾಯುವ ಈ ಲೆಕ್ಕವೆಲ್ಲ ಲಕ್ಷಣಗಳಿಲ್ಲದವರಿಗೆ. ಸಂಭೋಗದ ನಂತರ ರಕ್ತ ಕಾಣಿಸಿಕೊಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ, ವರದಿ ಏನೇ ಇರಲಿ ಕೂಡಲೇ ವೈದ್ಯರನ್ನು ಕಾಣಬೇಕು.

ಮನೆಗೆ ಬಂದ ಶಿಕ್ಷಕಿಗೆ ಕ್ಯಾನ್ಸರಿಗಿಂತ ಮೊದಲು ಕಾಡುವುದು ಇನ್ನೊಂದು ಪ್ರಶ್ನೆ. ಇದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್ ಎಂದಾದರೆ ಯಾರಿಂದ ಬಂತು? ಈ ಪ್ರಶ್ನೆಗೆ ವರದಿಯಲ್ಲಿ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ. ಸೋಂಕು ಯಾವಾಗ ತಗುಲಿತೆಂದು ಹೇಳುವ ಪರೀಕ್ಷೆ ಇಲ್ಲ. ವರ್ಷಗಳ ಹಿಂದಿನದು ಅಡಗಿದ್ದು ಈಗ ತಲೆಯೆತ್ತಿರಬಹುದು. ಒಬ್ಬರೇ ಸಂಗಾತಿ ಇದ್ದವರಲ್ಲೂ ಇದು ಕಂಡುಬರುತ್ತದೆ. ಈ ಹಾಳೆಯನ್ನು ಹಿಡಿದು ಗಂಡನನ್ನೋ ಹೆಂಡತಿಯನ್ನೋ ಅನುಮಾನಿಸಿದರೆ ಅದು ಅನ್ಯಾಯ. ಈ ಮಾತನ್ನು ವೈದ್ಯರೇ ಮುಂದಾಗಿ ಹೇಳಬೇಕು, ಏಕೆಂದರೆ ಕೇಳುವ ಧೈರ್ಯ ಎಷ್ಟೋ ಜನರಿಗೆ ಬರುವುದಿಲ್ಲ.

ಈ ವೈರಸ್ಸನ್ನು ಕೊಲ್ಲುವ ಮಾತ್ರೆ ಇಲ್ಲ. ಬಿಳಿ ಹೋಗುವುದಕ್ಕೆ ಕೊಡುವ ಆಂಟಿಬಯಾಟಿಕ್ ಇದಕ್ಕೆ ತಾಗುವುದಿಲ್ಲ. ಲಸಿಕೆ ಮುಂದಿನ ಸೋಂಕನ್ನು ತಡೆಯುತ್ತದೆಯೇ ಹೊರತು ಈಗಿರುವುದನ್ನು ಓಡಿಸುವುದಿಲ್ಲ. ಬೀಡಿ, ಸಿಗರೇಟು ಬಿಟ್ಟರೆ ಪ್ರಯೋಜನವಿದೆ, ಧೂಮಪಾನಿಗಳಲ್ಲಿ ಸೋಂಕು ಉಳಿದುಕೊಳ್ಳುವುದು ಹೆಚ್ಚು. ‘ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆಯಂತೂ ಈ ವರದಿಗೆ ಚಿಕಿತ್ಸೆಯೇ ಅಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದರೆಂಬ ಆರೋಪ ಕೆಲ ವರ್ಷಗಳ ಹಿಂದೆ ದೊಡ್ಡ ಸುದ್ದಿಯಾಗಿತ್ತು, ಆದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ತೆಗೆದ ಮೇಲೂ ವೈರಸ್ ಯೋನಿಯ ಪೊರೆಯಲ್ಲಿ ಉಳಿಯಬಲ್ಲದು.

ಇದಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು ಎಂದರೆ ಮರುಪರೀಕ್ಷೆಗೆ ಹೋಗದಿರುವುದು. ನೋವಿಲ್ಲ, ರಕ್ತವಿಲ್ಲ, ಸ್ಮಿಯರೂ ನಾರ್ಮಲ್ಲು. ವರದಿ ಬೀರು ಸೇರುತ್ತದೆ. ಸಮಯಕ್ಕೆ ಸರಿಯಾಗಿ ಹಿಂಬಾಲಿಸಿದರೆ ಏನಾಗುತ್ತದೆಂಬುದನ್ನು ಬೀದರ್, ಕಲಬುರಗಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎನ್ನುತ್ತಿದ್ದ ಧಾರಾಶಿವ ಜಿಲ್ಲೆ ತೋರಿಸಿಕೊಟ್ಟಿದೆ. ಅಲ್ಲಿನ 30ರಿಂದ 59 ವರ್ಷದ 1,31,000ಕ್ಕೂ ಹೆಚ್ಚು ಹಳ್ಳಿಯ ಹೆಂಗಸರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಪಾಸಿಟಿವ್ ಬಂದವರಿಗೆ ಕಾಲ್ಪೊಸ್ಕೋಪಿ ಮತ್ತು ಅಗತ್ಯವಿದ್ದರೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಕಾಲ್ಪೊಸ್ಕೋಪಿ ಎಂದರೆ ಆಪರೇಷನ್ ಅಲ್ಲ. ವೈದ್ಯರು ದೊಡ್ಡದಾಗಿ ತೋರಿಸುವ ಯಂತ್ರದಿಂದ ಗರ್ಭಕಂಠವನ್ನು ಹೊರಗಿನಿಂದಲೇ ನೋಡುತ್ತಾರೆ. ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ನಿಮಿಷದಷ್ಟು ಕಾದರೆ ಸಂಶಯದ ಜಾಗ ಬೆಳ್ಳಗಾಗುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚೂರನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಚಿವುಟಿದಂತೆ ನೋವು, ಒಂದೆರಡು ದಿನ ಸ್ವಲ್ಪ ರಕ್ತ, ಅಷ್ಟೇ. ಮುಟ್ಟು ನಿಂತವರಲ್ಲಿ ಕೋಶಗಳು ಬದಲಾಗುವ ವಲಯ ಒಳನಾಳಕ್ಕೆ ಸರಿದಿರುವುದರಿಂದ ಪೂರ್ತಿ ಕಾಣದೆ ಹೋಗಬಹುದು. ಆಗ ನಾಳದೊಳಗಿಂದಲೂ ಕೋಶಗಳನ್ನು ಕೆರೆದು ತೆಗೆಯುತ್ತಾರೆ. ಏನೂ ಸಿಗದಿದ್ದರೆ ಅಥವಾ ಸೌಮ್ಯ ಬದಲಾವಣೆ ಮಾತ್ರ ಇದ್ದರೆ ಕತ್ತರಿಸುವುದಿಲ್ಲ, ವರ್ಷ ಬಿಟ್ಟು ಮತ್ತೆ ಪರೀಕ್ಷೆ. ತೀವ್ರ ದೋಷ ಸಿಕ್ಕರೆ ಆ ಭಾಗವನ್ನಷ್ಟೇ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಗರ್ಭಕೋಶ ಉಳಿಯುತ್ತದೆ. ಮುಂದೆ ಮಗು ಬೇಕೆನ್ನುವವರಲ್ಲಿ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚುವುದರಿಂದ, ಎಷ್ಟು ಆಳಕ್ಕೆ ಕತ್ತರಿಸುತ್ತಾರೆಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.