ಫೋನ್‌ನಲ್ಲಿ ಛತ್ರ ಕ್ಯಾನ್ಸಲ್ ಮಾಡಿದರೆ ಸಾಕೇ?

‘ಛತ್ರಕ್ಕೆ ಕೊಟ್ಟ ಅಡ್ವಾನ್ಸ್ ವಾಪಸ್ ಬರೋದಿಲ್ಲ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ಪೂರ್ತಿ ನಿಜವಲ್ಲ. ಹಣ ಕೈತಪ್ಪುವುದು ಹೆಚ್ಚಾಗಿ ಬರವಣಿಗೆಯಲ್ಲಿ ತಿಳಿಸದೇ ಇರುವುದರಿಂದ.

ಒಂದು ಉದಾಹರಣೆ ನೋಡೋಣ. ಬಾಡಿಗೆ ಅಡ್ವಾನ್ಸ್ 80,000 ರೂಪಾಯಿ, ಭದ್ರತಾ ಠೇವಣಿ 20,000. ಮದುವೆಗೆ 90 ದಿನ ಮೊದಲು ಲಿಖಿತವಾಗಿ ತಿಳಿಸಿದರೆ ಅಡ್ವಾನ್ಸ್‌ನ ಶೇ. 75, ಆಮೇಲಾದರೆ ಶೇ. 50 ವಾಪಸ್ ಎಂದು ರಸೀದಿಯ ಹಿಂದೆ ಅಚ್ಚಾಗಿದೆ. ಮನೆಯವರು 95 ದಿನ ಮೊದಲೇ ಫೋನ್ ಮಾಡಿದರು, ಮ್ಯಾನೇಜರ್ ‘ಆಯ್ತು ಬಿಡಿ’ ಎಂದರು. ಪತ್ರ ಕೊಟ್ಟದ್ದು ಮಾತ್ರ 80 ದಿನ ಉಳಿದಾಗ. 60,000 ಬರಬೇಕಿದ್ದಲ್ಲಿ 40,000 ಬಂತು. ಠೇವಣಿ ಇರುವುದು ಹಾನಿ, ಸ್ವಚ್ಛತೆಯ ಖರ್ಚಿಗೆ; ಮದುವೆಯೇ ನಡೆಯದಿದ್ದರೆ ಅದನ್ನು ಪೂರ್ತಿ ಕೇಳಿ. ಎಷ್ಟೋ ಜನ ಇದನ್ನೇ ಮರೆಯುತ್ತಾರೆ.

ಪತ್ರ ಹೀಗಿದ್ದರೆ ಸಾಕು: ‘ರಸೀದಿ ಸಂಖ್ಯೆ ಇಂಥದ್ದು, ಇಂಥ ದಿನದ ಮದುವೆಯ ಬುಕಿಂಗ್ ಇಂದಿನಿಂದ ರದ್ದುಪಡಿಸುತ್ತಿದ್ದೇವೆ. ಷರತ್ತು 4ರಂತೆ 60,000 ಮತ್ತು ಠೇವಣಿ 20,000, ಒಟ್ಟು 80,000 ರೂಪಾಯಿಯನ್ನು ಈ ಬ್ಯಾಂಕ್ ಖಾತೆಗೆ ಹಾಕಿ.’ ನಕಲಿನ ಮೇಲೆ ಅವರ ಸೀಲು, ಸಹಿ, ತಾರೀಖು ಪಡೆಯಿರಿ. ಅದೇ ದಿನ ವಾಟ್ಸಾಪ್‌ನಲ್ಲೂ ಕಳಿಸಿ. ಮೂಲ ರಸೀದಿಯನ್ನು ಹಣ ಬರುವವರೆಗೆ ಬಿಟ್ಟುಕೊಡಬೇಡಿ.

‘ಅಡ್ವಾನ್ಸ್ ವಾಪಸ್ ಇಲ್ಲ’ ಎಂದೇ ಅಚ್ಚಾಗಿದ್ದರೆ? ಆಗ ಕಷ್ಟ, ಆದರೆ ಬಾಗಿಲು ಮುಚ್ಚಿಲ್ಲ. ಅಂಥ ದಂಡ ನಷ್ಟಕ್ಕೆ ತಕ್ಕಷ್ಟಿರಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 74ನೇ ಕಲಂ. ಅದೇ ದಿನಕ್ಕೆ ಛತ್ರ ಬೇರೆಯವರಿಗೆ ಹೋಗಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಉತ್ತರವೇ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.