ಎರಡರಲ್ಲಿ ಒಂದಂತೂ ನಿಜ

ಬ್ಯಾಂಕ್ ಪರೀಕ್ಷೆಗಳ ತರ್ಕದ ಪ್ರಶ್ನೆಗಳಲ್ಲಿ 'I ಅಥವಾ II ಅನುಸರಿಸುತ್ತದೆ' ಎಂಬ ಆಯ್ಕೆ ಹಲವರನ್ನು ಗೊಂದಲಕ್ಕೆ ಕೆಡವುತ್ತದೆ. ಒಂದು ಉದಾಹರಣೆ ನೋಡಿ.

ಹೇಳಿಕೆ: ಎಲ್ಲ ಪೆನ್ನುಗಳು ಪುಸ್ತಕಗಳು. ಕೆಲವು ಪುಸ್ತಕಗಳು ಚೀಲಗಳು.
ತೀರ್ಮಾನ I: ಕೆಲವು ಪೆನ್ನುಗಳು ಚೀಲಗಳು.
ತೀರ್ಮಾನ II: ಯಾವ ಪೆನ್ನೂ ಚೀಲವಲ್ಲ.

ವೃತ್ತಗಳನ್ನು ಬರೆದುಕೊಳ್ಳಿ. ಚೀಲದ ವೃತ್ತ ಪೆನ್ನಿನ ವೃತ್ತವನ್ನು ಮುಟ್ಟಬಹುದು, ಮುಟ್ಟದೆಯೂ ಇರಬಹುದು. ಹಾಗಾಗಿ ಎರಡು ತೀರ್ಮಾನಗಳಲ್ಲಿ ಯಾವುದನ್ನೂ ಖಚಿತವಾಗಿ ಹೇಳಲಾಗದು. ಆದರೆ ಮೂರನೆಯ ದಾರಿಯೇ ಇಲ್ಲ. ಒಂದು ಸುಳ್ಳಾದರೆ ಇನ್ನೊಂದು ನಿಜವಾಗಲೇಬೇಕು. ಇದೇ ಪೂರಕ ಜೋಡಿ. ಬಿಡಿಯಾಗಿ ನಿಲ್ಲದ ಎರಡು ತೀರ್ಮಾನಗಳು ಜೋಡಿಯಾಗಿ ನಿಲ್ಲುತ್ತವೆ. ಉತ್ತರ: 'I ಅಥವಾ II'. 'ಎರಡೂ' ಎಂದು ಗುರುತಿಸಿದರೆ ತಪ್ಪು, ಏಕೆಂದರೆ ಎರಡೂ ಒಟ್ಟಿಗೆ ನಿಜವಾಗವು.

ಮೊದಲನೆಯದು 'ಎಲ್ಲ ಪೆನ್ನುಗಳು ಚೀಲಗಳು' ಎಂದಿದ್ದರೆ ಜೋಡಿ ಮುರಿಯುತ್ತದೆ. ಕೆಲವು ಪೆನ್ನುಗಳು ಮಾತ್ರ ಚೀಲಗಳಾದಾಗ ಎರಡೂ ಸುಳ್ಳಾಗುತ್ತವೆ.

ಅಸಮಾನತೆಯಲ್ಲೂ ಇದೇ ಲೆಕ್ಕ. A ≥ B = C ≥ D ಎಂದಿದ್ದರೆ A ≥ D ಖಚಿತ. ಆಗ A > D ಮತ್ತು A = D ಪೂರಕ ಜೋಡಿ. ನಡುವೆ ಒಂದು ಕಡೆ > ಬಂದರೂ A > D ಒಂದೇ ಉತ್ತರ. A ≥ B ≤ C ಎಂದಿದ್ದರೆ A, C ನಡುವೆ ಸಂಬಂಧವೇ ತಿಳಿಯದು. ಅಲ್ಲಿ A > C, A < C ಜೋಡಿ ಸಾಲದು. ಸಮವಾಗುವ ಸಾಧ್ಯತೆ ಹೊರಗುಳಿಯುತ್ತದೆ. A ≥ C, A < C ಆದರೆ ಮೂರೂ ಸಾಧ್ಯತೆಗಳು ಒಳಗೆ ಬರುತ್ತವೆ.